ಹಳ್ಳದಲ್ಲಿ ಮೀನು ಸತ್ತಿದ್ದು ನಿಜ, ‘ವಿಷ’ ಎಂದು ಬರೆಯಬಹುದೇ?

ಹೆಸರು ಹಾಕದೆ ಬರೆದರೆ ಮಾನನಷ್ಟದ ಕೇಸು ಬೀಳುವುದಿಲ್ಲ ಎಂಬ ನಂಬಿಕೆ ನಮ್ಮ ಮಲೆನಾಡಿನ ಕಡೆ ಗಟ್ಟಿಯಾಗಿ ಕೂತಿದೆ. ‘ಘಟ್ಟದ ಅಂಚಿನ ದೊಡ್ಡ ಕಂಪನಿಯೊಂದು’, ‘ಈ ಭಾಗದ ಪ್ರಭಾವಿ ನಾಯಕರೊಬ್ಬರು’ ಎಂದು ಬರೆದು, ಕೊನೆಗೆ ‘ಯಾರೆಂದು ಬಿಡಿಸಿ ಹೇಳಬೇಕಿಲ್ಲ’ ಎಂದು ಸೇರಿಸಿದರೆ ತಾನು ಬಚಾವು ಎಂದು ಬರೆದವನು ಅಂದುಕೊಳ್ಳುತ್ತಾನೆ. ಈ ಜಾಣತನ ಹಳೆಯದು. 1860ರ ಭಾರತೀಯ ದಂಡ ಸಂಹಿತೆ ಬರೆದವರಿಗೂ ಅದು ಗೊತ್ತಿತ್ತು. ಸೆಕ್ಷನ್ 499ರಲ್ಲೇ ಒಂದು ಉದಾಹರಣೆ ಇದೆ. ‘ಅವನು ಪ್ರಾಮಾಣಿಕ, ಆ ಗಡಿಯಾರವನ್ನು ಅವನು ಕದ್ದೇ ಇಲ್ಲ’ ಎಂದು, ಕದ್ದವನು ಅವನೇ ಎಂದು ಕೇಳುವವರು ನಂಬಲಿ ಎಂಬ ಉದ್ದೇಶದಿಂದ ಒಬ್ಬ ಹೇಳುತ್ತಾನೆ. ಅದು ಮಾನನಷ್ಟವೇ. ಕಳ್ಳ ಯಾರು ಎಂದು ಕೇಳಿದಾಗ ಬಾಯಿ ಬಿಡದೆ ಬೆರಳು ತೋರಿಸಿದರೂ ಅಷ್ಟೇ, ಗಡಿಯಾರ ಹಿಡಿದು ಓಡುವಂತೆ ಅವನ ಚಿತ್ರ ಬರೆದರೂ ಅಷ್ಟೇ. ಓದಿದವರು ಯಾರನ್ನು ಗುರುತು ಹಿಡಿದರು ಎಂಬುದೇ ಮುಖ್ಯ, ಹೆಸರು ಅಚ್ಚಾಗಿದೆಯೇ ಎಂಬುದಲ್ಲ.

ಈ ಸಂಹಿತೆಯ ಮೊದಲ ಕರಡನ್ನು 1837ರಲ್ಲಿ ಸಿದ್ಧಪಡಿಸಿದ್ದು ಮೆಕಾಲೆ ನೇತೃತ್ವದ ಆಯೋಗ. ಜಾರಿಗೆ ಬಂದದ್ದು 1862ರಲ್ಲಿ. ಇಂಗ್ಲೆಂಡಿನಲ್ಲಿ 1843ರವರೆಗೂ ಕ್ರಿಮಿನಲ್ ಮಾನನಷ್ಟದ ಕೇಸಿನಲ್ಲಿ ‘ನಾನು ಬರೆದದ್ದು ನಿಜ’ ಎಂದರೆ ಬಿಡುಗಡೆ ಸಿಗುತ್ತಿರಲಿಲ್ಲ. ಆ ವರ್ಷದ ಕಾಯ್ದೆ, ಬರೆದದ್ದು ನಿಜವೂ ಆಗಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಇದ್ದರೆ ತಪ್ಪಲ್ಲ ಎಂದಿತು. ನಮ್ಮ 499ರ ಮೊದಲ ವಿನಾಯಿತಿಯೂ ಅದೇ ಅಚ್ಚಿನದು. ಇಂಗ್ಲೆಂಡ್ 2009ರ ಕಾಯ್ದೆಯಲ್ಲಿ ಈ ಅಪರಾಧವನ್ನೇ ತೆಗೆದುಹಾಕಿತು. ನಾವು ಉಳಿಸಿಕೊಂಡೆವು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಆಗಿದೆ. ಸೆರೆವಾಸದ ಮಿತಿ ಹಿಂದಿನಂತೆ ಎರಡು ವರ್ಷ. ಸಮುದಾಯ ಸೇವೆಯ ಶಿಕ್ಷೆಯೊಂದು ಹೊಸದಾಗಿ ಸೇರಿದೆ. ಸಿವಿಲ್ ದಾವೆಯ ದಾರಿ ಬೇರೆ. ಅಲ್ಲಿ ನಿಜ ಎಂದು ಸಾಬೀತಾದರೆ ಸಾಕು.

ಆದರೆ ಬರೆಯುವವರ ಕಷ್ಟ ಇರುವುದು ನಿಜ–ಸುಳ್ಳಿನ ನಡುವೆ. ಇದು ನಿಜ ಎಂದು ಮನಸ್ಸಿಗೆ ಅನಿಸಿದೆ, ಸಾಬೀತು ಮಾಡುವಷ್ಟು ಕೈಯಲ್ಲಿಲ್ಲ. ಆಗ ಗತಿಯೇನು? ಕಾನೂನು ಇದಕ್ಕೆ ‘ಸದ್ಭಾವನೆ’ ಎನ್ನುತ್ತದೆ. ಒಳ್ಳೆಯ ಮನಸ್ಸು ಇದ್ದರೆ ಸಾಲದು. ತಕ್ಕ ಎಚ್ಚರ, ಗಮನ ಇಲ್ಲದೆ ನಂಬಿದ್ದು ಸದ್ಭಾವನೆಯಲ್ಲ ಎಂದು ಸಂಹಿತೆಯೇ ಹೇಳಿದೆ. ಆ ಎಚ್ಚರ ಎಷ್ಟಿರಬೇಕು ಎಂಬುದು ಪಂಜಾಬಿನ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಮೊದಲನೆಯದರಲ್ಲಿ, ಅಲ್ಲಿನ ಕಳ್ಳಸಾಗಣೆದಾರರ ಮುಖಂಡ ಅಧಿಕಾರಸ್ಥರೊಬ್ಬರ ಮಗನೇ ಎಂದು ಹರ್ಭಜನ್ ಸಿಂಗ್ ಎಂಬವರು 1957ರಲ್ಲಿ ಪತ್ರಿಕಾ ಹೇಳಿಕೆ ಕೊಟ್ಟರು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಅವರನ್ನು ತಪ್ಪಿತಸ್ಥ ಎಂದವು. 1965ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆರೋಪ ಅಕ್ಷರಶಃ ಸಾಬೀತಾಯಿತೆಂದಲ್ಲ. ಹೇಳುವ ಮೊದಲು ಅವರು ವಿಚಾರಿಸಿದ್ದರು, ನಂಬಲು ಆಧಾರವಿತ್ತು, ವಿಷಯ ಸಾರ್ವಜನಿಕ ಹಿತದ್ದು. ಆರೋಪಿ ಹೊರಬೇಕಾದ ಸಾಕ್ಷ್ಯದ ಭಾರ ಸರ್ಕಾರಿ ವಕೀಲರು ಹೊರುವಷ್ಟು ದೊಡ್ಡದಲ್ಲ, ಒಟ್ಟಾರೆ ನೋಡಿದರೆ ನಂಬಬಹುದು ಎನ್ನುವಷ್ಟಿದ್ದರೆ ಸಾಕು ಎಂದೂ ಕೋರ್ಟು ಹೇಳಿತು. ಎರಡನೆಯದು 1970ರ ಚಮನ್ ಲಾಲ್ ಪ್ರಕರಣ. ಪುರಸಭೆಯ ಅಧ್ಯಕ್ಷರೊಬ್ಬರು ಶುಶ್ರೂಷಕಿಯೊಬ್ಬರ ನಡತೆಯ ಮೇಲೆ ಮಾಡಿದ ಆರೋಪ. ಇಲ್ಲೂ ಸದ್ಭಾವನೆ ಎಂದೇ ವಾದಿಸಿದರು. ಎಚ್ಚರದಿಂದ ವಿಚಾರಿಸಿದ್ದು ಕಾಣಲಿಲ್ಲವಾದ್ದರಿಂದ ವಾದ ನಿಲ್ಲಲಿಲ್ಲ. ಎರಡರಲ್ಲೂ ಕೋರ್ಟು ಕೆದಕಿದ್ದು ಬಾಯಿ ಬಿಡುವ ಮುನ್ನ ಏನೇನು ವಿಚಾರಿಸಿದಿರಿ ಎಂಬುದನ್ನು.

ಕನ್ನಡದಲ್ಲಿ ಈ ಪ್ರಶ್ನೆ ಖಾರವಾಗಿ ಎದ್ದದ್ದು ಶಿವಮೊಗ್ಗದ ಕೊನಗವಳ್ಳಿಯಿಂದ ಹೋದ ಪಿ. ಲಂಕೇಶರು 1980ರಲ್ಲಿ ಶುರುಮಾಡಿದ ವಾರಪತ್ರಿಕೆಯ ಬಳಗದಲ್ಲಿ. ಊರೂರಿನ ಒಳಸುದ್ದಿಯನ್ನು ಮುಲಾಜಿಲ್ಲದೆ ಬರೆಯುವ ಧಾಟಿ ಅದು. ಅವರ ಮಗಳು ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ವರದಿಯೊಂದಕ್ಕೆ ಹುಬ್ಬಳ್ಳಿಯ ಮ್ಯಾಜಿಸ್ಟ್ರೇಟ್ ಕೋರ್ಟು 2016ರ ನವೆಂಬರಿನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತು. ದೂರು ಕೊಟ್ಟವರು ಬಿಜೆಪಿಯ ಇಬ್ಬರು ನಾಯಕರು. ವರದಿಯ ಆರೋಪಗಳಿಗೆ ತಕ್ಕ ಸಾಕ್ಷ್ಯ ಕೋರ್ಟಿನ ಮುಂದೆ ಬರಲಿಲ್ಲ. ಅವರು ಜಾಮೀನು ಪಡೆದು, ಮೇಲಿನ ಕೋರ್ಟಿಗೆ ಹೋಗುವುದಾಗಿ ಹೇಳಿದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅವರ ಹತ್ಯೆಯಾಯಿತು. ಅವರ ಬರವಣಿಗೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬರೆದದ್ದಕ್ಕೂ ತೀರ್ಪಿಗೂ ನಡುವೆ ಎಂಟು ವರ್ಷ ಹೋಗಿತ್ತು ಎಂಬುದನ್ನು ಗಮನಿಸಬೇಕು. ಸುದ್ದಿ ಕೊಟ್ಟವನು ಅಷ್ಟು ವರ್ಷ ಮಾತಿಗೆ ನಿಲ್ಲುತ್ತಾನೆ ಎಂದು ನಂಬುವುದು ಕಷ್ಟ. ಕಾಗದ ನಿಲ್ಲುತ್ತದೆ.

ಸರ್ಕಾರಿ ಅಧಿಕಾರಿಗಳ ವಿಷಯದಲ್ಲಿ ಬರೆಯುವವರಿಗೆ 1994ರ ರಾಜಗೋಪಾಲ್ ತೀರ್ಪು ಒಂದಿಷ್ಟು ಜಾಗ ಮಾಡಿಕೊಟ್ಟಿತು. ಆಟೋ ಶಂಕರ್ ಎಂಬ ಮರಣದಂಡನೆಯ ಕೈದಿಯ ಆತ್ಮಕಥೆಯನ್ನು ತಮಿಳು ವಾರಪತ್ರಿಕೆಯೊಂದು ಪ್ರಕಟಿಸಲು ಹೊರಟಾಗ, ಅದರಲ್ಲಿ ತಮ್ಮ ಹೆಸರು ಬರುತ್ತದೆಂಬ ಅಧಿಕಾರಿಗಳ ಭಯದಿಂದ ಹುಟ್ಟಿದ ವ್ಯಾಜ್ಯ ಅದು. ಮೊದಲೇ ತಡೆಯುವ ಅಧಿಕಾರ ಅವರಿಗಿಲ್ಲ ಎಂದಿತು ಸುಪ್ರೀಂ ಕೋರ್ಟ್. ಕರ್ತವ್ಯಕ್ಕೆ ಸಂಬಂಧಪಟ್ಟ ನಡವಳಿಕೆಯ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ತಕ್ಕಮಟ್ಟಿಗೆ ಪರಿಶೀಲಿಸಿ ಬರೆದಿದ್ದರೆ ಪರಿಹಾರ ಕೇಳುವಂತಿಲ್ಲ. ಸತ್ಯದ ಪರಿವೆಯೇ ಇಲ್ಲದೆ ಬರೆದಿದ್ದರೆ ಕೇಳಬಹುದು. ಆದರೆ ಈ ರಕ್ಷಣೆ ಖಾಸಗಿ ಕಂಪನಿಯ ವಿಷಯದಲ್ಲಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಕಂಪನಿಗೂ ಮಾನವಿದೆ ಎಂದು 499ರ ಎರಡನೇ ವಿವರಣೆ ಸ್ಪಷ್ಟವಾಗಿ ಹೇಳಿದೆ.

ಈಗ ಒಂದು ಕಲ್ಪಿತ ಪ್ರಕರಣ. ಮಲೆನಾಡಿನ ಒಂದು ಹಳ್ಳದ ಮೇಲ್ಭಾಗದಲ್ಲಿ ಕಂಪನಿಯೊಂದರ ಕಾಫಿ ಪಲ್ಪಿಂಗ್ ಘಟಕ ಇದೆ ಎನ್ನಿ. ಜನವರಿ, ಹಣ್ಣು ಕೊಯ್ಲಿನ ಭರಾಟೆ. ಒಂದು ಬೆಳಿಗ್ಗೆ ಹಳ್ಳದಲ್ಲಿ ಮೀನು ಸತ್ತು ತೇಲುತ್ತಿವೆ. ಸಿಟ್ಟಿನಲ್ಲಿ ಒಬ್ಬರು ಬರೆಯುತ್ತಾರೆ: ‘ಕಂಪನಿಯವರು ಅಧಿಕಾರಿಗಳ ಕೈ ಬಿಸಿ ಮಾಡಿ, ಹಳ್ಳಕ್ಕೆ ವಿಷ ಬಿಟ್ಟು ಮೀನು ಕೊಂದಿದ್ದಾರೆ.’

ಒಂದೇ ವಾಕ್ಯ, ಆದರೆ ಒಳಗೆ ನಾಲ್ಕು ಆರೋಪ. ಕಂಪನಿ ನೀರು ಬಿಟ್ಟಿದೆ, ಅದು ವಿಷ, ಮೀನು ಸತ್ತದ್ದು ಅದರಿಂದ, ಲಂಚ ಕೊಡಲಾಗಿದೆ. ಮೊದಲನೆಯದನ್ನು ಕಣ್ಣಾರೆ ನೋಡಬಹುದು, ಕೊಳವೆ ಮತ್ತು ಹಳ್ಳ ಎರಡೂ ಕಾಣುವಂತೆ ತಾರೀಖು ಸಮೇತ ಫೋಟೊ ತೆಗೆಯಬಹುದು. ಎಡವುವುದು ಎರಡನೆಯದರಲ್ಲಿ. ಪಲ್ಪಿಂಗ್ ನೀರಿನಲ್ಲಿರುವುದು ಹಣ್ಣಿನ ಸಿಪ್ಪೆಯ, ಲೋಳೆಯ ಸಕ್ಕರೆ ಅಂಶ. ಅದು ಹುಳಿಯುತ್ತದೆ, ನಾರುತ್ತದೆ, ಹಳ್ಳದ ನೀರು ಕಪ್ಪಿಡುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಬಿಡುವುದರಿಂದ ಮೀನು ಉಸಿರುಗಟ್ಟಿ ಸಾಯುತ್ತವೆ. ಬೆಳಗಿನ ಜಾವ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುವ ಮೀನು ಇದರ ಗುರುತು. ಗಾಳಿಯನ್ನೇ ಎಳೆದುಕೊಳ್ಳಬಲ್ಲ ಜಾತಿಯವು ಬದುಕಿರುತ್ತವೆ. ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವವರು ಮಾಡಿದ ಕೆಲಸವಾಗಿದ್ದರೆ ಅಂಥವೂ ಉಳಿಯುವುದು ಕಷ್ಟ. ಅಂದರೆ ಕಂಪನಿಯದೇ ತಪ್ಪಿದ್ದರೂ ‘ವಿಷ’ ಎಂಬ ಒಂದು ಪದ ಸುಳ್ಳಾಗುತ್ತದೆ, ವಕೀಲರು ಹಿಡಿಯುವುದು ಅದನ್ನೇ.

ಮೂರನೆಯದಕ್ಕೆ ಕೊಳವೆಯಿಂದ ಮೇಲೆಯೂ ನಡೆದು ನೋಡಬೇಕು. ಅಲ್ಲೂ ಮೀನು ಸತ್ತಿದ್ದರೆ ಕಾರಣ ಬೇರೆ. ನೀವು ಬಾಟಲಿಯಲ್ಲಿ ತುಂಬಿಸಿದ ನೀರಿನಿಂದ ಕಂಪನಿಗೆ ಶಿಕ್ಷೆಯಾಗುವುದಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ, ಘಟಕದವರಿಗೆ ನೋಟಿಸು ಕೊಟ್ಟು, ಮಾದರಿಯನ್ನು ಭಾಗ ಮಾಡಿ ಮೊಹರು ಹಾಕಬೇಕು. ಆದರೂ ನೀವು ವಿಚಾರಿಸಿದ್ದಿರಿ ಎನ್ನಲು ಆ ಬಾಟಲಿಯ ಪರೀಕ್ಷಾ ವರದಿ ನೆರವಾಗುತ್ತದೆ. ಮಂಡಳಿಗೆ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಘಟಕದ ಅನುಮತಿ ಪತ್ರ, ಹಿಂದಿನ ತಪಾಸಣಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. (ನಮ್ಮವರ ಅರ್ಜಿಗಳಲ್ಲಿ ಪೀಠಿಕೆಗೇ ಅಷ್ಟು ಪದ ಬೇಕಾಗುತ್ತದೆ.)

ಇಷ್ಟಾದ ಮೇಲೆ ವಾಕ್ಯ ಹೀಗಾಗುತ್ತದೆ: ‘ಜನವರಿ 14ರ ಬೆಳಿಗ್ಗೆ ಘಟಕದ ಕೊಳವೆಯಿಂದ ಕಂದು ಬಣ್ಣದ, ಹುಳಿ ವಾಸನೆಯ ನೀರು ಹಳ್ಳಕ್ಕೆ ಬೀಳುತ್ತಿತ್ತು. ಕೊಳವೆಯ ಕೆಳಗೆ ಮೀನು ಸತ್ತಿದ್ದವು, ಮೇಲ್ಭಾಗದಲ್ಲಿ ಸತ್ತ ಮೀನು ಕಾಣಲಿಲ್ಲ. ಮಂಡಳಿಗೆ ದೂರು ಕೊಟ್ಟಿದ್ದೇವೆ, ತಪಾಸಣೆ ಇನ್ನೂ ಆಗಿಲ್ಲ. ಕಂಪನಿಗೆ ಪ್ರಶ್ನೆ ಕಳಿಸಿ ವಾರವಾಯಿತು, ಉತ್ತರವಿಲ್ಲ. ಕೆಳಗಿನ ಊರು ಇದೇ ನೀರು ಕುಡಿಯುವಾಗ ಇಂಥ ಅಸಡ್ಡೆ ನಾಚಿಕೆಗೇಡು.’

ಕೊನೆಯ ಮಾತು ಬಿರುಸಾಗಿದೆ, ಆದರೂ ಅದಕ್ಕೆ ಹೆದರಬೇಕಿಲ್ಲ. ಅದು ಅಭಿಪ್ರಾಯ, ಅದರ ಆಧಾರ ಓದುಗರ ಮುಂದೆಯೇ ಇದೆ. ಇದಕ್ಕೂ ಹಳೇ ಸಂಹಿತೆಯಲ್ಲಿ ಒಂದು ಉದಾಹರಣೆ ಇದೆ: ‘ಪುಸ್ತಕ ಅಸಭ್ಯವಾಗಿದೆ, ಬರೆದವನ ಮನಸ್ಸು ಮಲಿನವಿರಬೇಕು’ ಎಂದರೆ ನಡೆಯುತ್ತದೆ, ಅದು ಪುಸ್ತಕದಿಂದ ಹುಟ್ಟಿದ ತೀರ್ಮಾನ. ‘ಅವನು ಲಂಪಟ, ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು’ ಎಂದರೆ ನಡೆಯುವುದಿಲ್ಲ, ಅದು ಪುಸ್ತಕದ ಹೊರಗಿನಿಂದ ತಂದು ಹಚ್ಚಿದ್ದು. ಲಂಚದ ಮಾತೂ ಹಾಗೆ ಹೊರಗಿನಿಂದ ಬಂದದ್ದು, ಹಾಗಾಗಿ ತೆಗೆಯಬೇಕು. ‘ಲಂಚದ ಆರೋಪವಿದೆ’ ಎಂದು ತಿರುಗಿಸಿದರೂ ಪ್ರಕಟಿಸಿದವರು ನೀವೇ. ಎಷ್ಟು ದೂರು ಹೋಗಿವೆ, ಎಷ್ಟು ತಪಾಸಣೆ ಆಗಿವೆ ಎಂಬ ದಾಖಲೆ ಸಿಕ್ಕರೆ ತಾರೀಖುಗಳನ್ನು ಬರೆದು ಸುಮ್ಮನಿರಿ. ಪಕ್ಕದಲ್ಲಿ ಕಣ್ಣು ಮಿಟುಕಿಸಿದರೆ ಮತ್ತೆ ಗಡಿಯಾರದ ಕಥೆಯೇ.

ಇಷ್ಟು ಮಾಡಿದರೂ ನೋಟಿಸು ಬರಬಹುದು. ಕ್ರಿಮಿನಲ್ ಮಾನನಷ್ಟಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ; ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಡಿ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ನಿಮ್ಮ ಮಾತನ್ನೂ ಕೇಳಬೇಕು. ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದು ವರ್ಷದ ಗಡುವು. ಬರಹಕ್ಕೆ ಮಧ್ಯಂತರ ತಡೆ ಕೇಳುವುದು ಕಂಪನಿಗಳ ಸಾಮಾನ್ಯ ದಾರಿ. 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಜೀ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ತಡೆಯೊಂದನ್ನು ರದ್ದುಮಾಡಿ, ವಿಚಾರಣೆಗೆ ಮುನ್ನ ತಡೆ ಕೊಡುವುದು ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದಿತು. ಆದರೂ ದಾವೆ ಹೂಡಿದ ಊರಿಗೆ ನೀವು ಅಲೆಯುವುದು ತಪ್ಪುವುದಿಲ್ಲ.

ನೋಟಿಸಿಗೆ ಉತ್ತರ ಕೊಡುವಾಗ ಮೊದಲು ಕೇಳಬೇಕಾದ್ದು, ಯಾವ ವಾಕ್ಯ ಸುಳ್ಳು ಎನ್ನುತ್ತೀರಿ ಎಂದು. ‘ವಿಷ’ ಎಂದು ಬರೆದಾಗಿದ್ದರೆ ಆ ಪದವನ್ನು ತಿದ್ದಿ, ತಿದ್ದಿದ್ದೇವೆಂದು ತಾರೀಖಿನ ಸಮೇತ ಅಲ್ಲೇ ಹಾಕಿ. ಅದರಿಂದ ಕೇಸು ಬಿದ್ದುಹೋಗುವುದಿಲ್ಲ, ಪರಿಹಾರದ ಮೊತ್ತ ಇಳಿಯಬಹುದು. ಕೊಳವೆಯ ಫೋಟೊ ಕೈಯಲ್ಲಿರುವ ವಾಕ್ಯವನ್ನು ಮಾತ್ರ ಹೆದರಿ ಅಳಿಸಬೇಡಿ.