ಅಕ್ಕನಿಗೆ ಒಂದು ಮಾತ್ರೆ ತಪ್ಪಿದರೂ ಪರವಾಗಿಲ್ಲ, ನನಗೆ ಯಾಕೆ 12 ಗಂಟೆಯ ಲೆಕ್ಕ?

ಬನಶಂಕರಿಯ ಓದುಗರೊಬ್ಬರ ಪ್ರಶ್ನೆ: "ಮಗುವಿಗೆ ಐದು ತಿಂಗಳು, ಹಾಲು ಕುಡಿಸ್ತಿದ್ದೀನಿ. ಗರ್ಭ ತಡೆಯೋಕೆ ಡಾಕ್ಟರ್ ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ ಮಾತ್ರೆ ಕೊಟ್ಟಿದ್ದಾರೆ, ದಿನಾ ರಾತ್ರಿ 9ಕ್ಕೆ. ಶುಕ್ರವಾರ ವೈಟ್‌ಫೀಲ್ಡ್‌ನಿಂದ ಬಂದು ಸುಸ್ತಾಗಿ ಮಲಗಿಬಿಟ್ಟೆ. ನೆನಪಾಗಿದ್ದು ಶನಿವಾರ ಬೆಳಿಗ್ಗೆ 11ಕ್ಕೆ. ಮಾಲಾ-ಡಿ ತಗೊಳ್ಳೋ ಅಕ್ಕ, ಒಂದು ತಪ್ಪಿದ್ರೆ ಏನಾಗಲ್ಲ ಅಂತಾಳೆ. ನಿಜಾನಾ?"

ಅಕ್ಕನ ಮಾತ್ರೆಗೆ ಅದು ನಿಜ, ನಿಮ್ಮದಕ್ಕೆ ಅಲ್ಲ.

ಮಾಲಾ-ಡಿಯಲ್ಲಿ ಎರಡು ಹಾರ್ಮೋನುಗಳಿವೆ. ಅವು ಅಂಡಾಶಯವನ್ನು ಎಷ್ಟು ಗಟ್ಟಿಯಾಗಿ ಮಲಗಿಸುತ್ತವೆ ಅಂದರೆ, ಪ್ರತಿ ತಿಂಗಳು 7 ದಿನ ಬರೀ ಕಬ್ಬಿಣದ ಮಾತ್ರೆ ನುಂಗಿದರೂ ಅದು ಏಳುವುದಿಲ್ಲ. ಹಾಗಾಗಿ ಹಾರ್ಮೋನ್ ಮಾತ್ರೆ ಒಂದು ತಪ್ಪಿದರೆ ನೆನಪಾದಾಗ ನುಂಗಿದರೆ ಸಾಕು, ಕಾಂಡೋಮ್ ಬೇಡ. ಎರಡು ಅಥವಾ ಜಾಸ್ತಿ ತಪ್ಪಿದರೆ ಮಾತ್ರ 7 ದಿನ ಕಾಂಡೋಮ್ ಬೇಕು, ಯಾಕೆಂದರೆ ಅಂಡಾಶಯವನ್ನು ಮತ್ತೆ ಮಲಗಿಸೋಕೆ ಸಾಲಾಗಿ 7 ಮಾತ್ರೆ ಬೇಕಾಗುತ್ತವೆ. ಹಾಗೆ ತಪ್ಪಿದ್ದು ಮೂರನೇ ವಾರದಲ್ಲಾದರೆ ಕಬ್ಬಿಣದ ಮಾತ್ರೆ ಬಿಟ್ಟು ನೇರ ಹೊಸ ಪಟ್ಟಿ ಶುರು ಮಾಡಬೇಕು.

ನಿಮ್ಮದರಲ್ಲಿ ಇರುವುದು ಪ್ರೊಜೆಸ್ಟಿನ್ ಅನ್ನೋ ಒಂದೇ ಹಾರ್ಮೋನು. ಈ ಗುಂಪಿನ ಹಳೆಯ ಮಾತ್ರೆಗಳು ಮುಖ್ಯವಾಗಿ ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿ ಮಾಡಿ ವೀರ್ಯವನ್ನು ತಡೆಯುತ್ತವೆ, ಆ ಲೋಳೆ ಒಂದೇ ದಿನದಲ್ಲಿ ತೆಳುವಾಗುತ್ತದೆ, ಅದಕ್ಕೇ ಅವಕ್ಕೆ 3 ಗಂಟೆಯಷ್ಟೇ ಗಡುವು. ಡೆಸೊಜೆಸ್ಟ್ರೆಲ್ ಅಂಡ ಬಿಡುಗಡೆಯನ್ನೂ ತಡೆಯುವುದರಿಂದ 12 ಗಂಟೆ ಸಿಗುತ್ತದೆ. ನಿಮಗೆ ಆಗಿದ್ದು 14 ಗಂಟೆ.

ಈಗ ಮಾಡಬೇಕಾದ್ದು ಇಷ್ಟು. ತಪ್ಪಿದ್ದನ್ನು 11ಕ್ಕೇ ನುಂಗಿ, ಇವತ್ತಿನದನ್ನು ಮಾಮೂಲಿನಂತೆ ರಾತ್ರಿ 9ಕ್ಕೆ ತಗೊಳ್ಳಿ. ಒಂದೇ ದಿನ ಎರಡಾಯ್ತು ಅಂತ ಹೆದರಬೇಡಿ. ಲೋಳೆ ಮತ್ತೆ ಗಟ್ಟಿಯಾಗೋಕೆ 48 ಗಂಟೆ ಸಾಕು, ಅಂದರೆ ಸೋಮವಾರ ಬೆಳಿಗ್ಗೆ 11ರ ತನಕ ಕಾಂಡೋಮ್ ಬಳಸಿ, ನಡುವೆ ಒಂದೂ ತಪ್ಪಬಾರದು. ಪೊಟ್ಟಣದೊಳಗಿನ ಚೀಟಿಯಲ್ಲಿ 7 ದಿನ ಅಂತ ಬರೆದಿರಬಹುದು, ಹಾಗೆ ಮಾಡಿದರೂ ನಷ್ಟವಿಲ್ಲ.

ಶನಿವಾರ ಬೆಳಿಗ್ಗೆ 9ರಿಂದ ಸೋಮವಾರದ ಆ ಹೊತ್ತಿನೊಳಗೆ ಕಾಂಡೋಮ್ ಇಲ್ಲದೆ ಸೇರಿದ್ದರೆ ತುರ್ತು ಮಾತ್ರೆ ಬೇಕು. ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಸೇರಿದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ದಿನದ ಮಾತ್ರೆಯನ್ನೂ ಮುಂದುವರಿಸಿ. ಶುಕ್ರವಾರ ರಾತ್ರಿ ಸೇರಿದ್ದರೆ ಗಡುವು ಇನ್ನೂ ಮುಗಿದಿರಲಿಲ್ಲ, ಆದರೆ ಈ ಮಾತ್ರೆ ಶುರು ಮಾಡಿ ಇನ್ನೂ ಮೊದಲ ವಾರವಾಗಿದ್ದರೆ ಡಾಕ್ಟರನ್ನು ಕೇಳಿಬಿಡಿ.

ಇನ್ನೊಂದು ವಿಷಯ: ಮಾತ್ರೆ ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ತಕ್ಷಣ ಇನ್ನೊಂದು ನುಂಗಿ, ಅದೂ ಆಗದೆ 12 ಗಂಟೆ ದಾಟಿದರೆ ಮತ್ತೆ ಇದೇ ಲೆಕ್ಕ.