√3 ಎಲ್ಲಿಂದ ಬಂತು, 2√3 ಎಲ್ಲಿಂದ ಬಂತು?

ಕ್ಯಾಲಿಬ್ರೇಷನ್‌ನಲ್ಲಿ ಅಳತೆಯ ಅನಿಶ್ಚಿತತೆ ಎಷ್ಟು ಎಂದು ಲೆಕ್ಕಹಾಕುವ ಹಾಳೆ ನೋಡಿದವರಿಗೆ ಡಿವೈಸರ್, ಅಂದರೆ ಭಾಜಕ, ಅನ್ನೋ ಕಾಲಂ ಗೊತ್ತಿರುತ್ತದೆ. ಒಂದು ಸಾಲಿನಲ್ಲಿ √3, ಇನ್ನೊಂದರಲ್ಲಿ 2√3, ಮತ್ತೊಂದರಲ್ಲಿ ಬರೀ 2. ಯಾವುದಕ್ಕೆ ಯಾವುದು ಎಂದು ಕೇಳಿದರೆ ಎಷ್ಟೋ ಸಲ "ಹಳೇ ಹಾಳೆಯಲ್ಲಿ ಹಾಗೇ ಇತ್ತು" ಎಂಬ ಉತ್ತರ ಬರುತ್ತದೆ.

ಮೊದಲು ದಶಕಗಳ ಕಾಲ ದೋಷಗಳನ್ನು ಎರಡು ಗುಂಪು ಮಾಡುತ್ತಿದ್ದರು. ಪ್ರತಿ ಸಲ ಅಳೆದಾಗ ಅತ್ತಿತ್ತ ಆಗುವುದು ಒಂದು, ಸದಾ ಒಂದೇ ಕಡೆಗೆ ಎಳೆಯುವುದು ಇನ್ನೊಂದು. ಎರಡನ್ನೂ ಹೇಗೆ ಕೂಡಿಸಬೇಕು ಎಂಬುದರಲ್ಲಿ ಒಮ್ಮತವೇ ಇರಲಿಲ್ಲ. 1977ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮಿತಿ ಇದನ್ನು ಕೈಗೆತ್ತಿಕೊಂಡಿತು. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ಬ್ಯೂರೋ 32 ರಾಷ್ಟ್ರೀಯ ಲ್ಯಾಬ್‌ಗಳಿಗೆ ಪ್ರಶ್ನೆ ಕಳಿಸಿತು, 21 ಉತ್ತರಿಸಿದವು. ಎಲ್ಲರಿಗೂ ಒಪ್ಪಿಗೆಯಾಗುವ ವಿಧಾನ ಬೇಕು ಎಂಬುದರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದೇ, ವಿಧಾನ ಯಾವುದು ಎಂಬುದರಲ್ಲಿ ಅಲ್ಲ.

ದಾರಿ ತೆರೆದದ್ದು 1980ರ ಶಿಫಾರಸು. ಮತ್ತೆ ಮತ್ತೆ ಅಳೆದು ಸಂಖ್ಯಾಶಾಸ್ತ್ರದಿಂದ ತೆಗೆದದ್ದು ಎ ವಿಧ, ಬೇರೆ ತಿಳಿವಳಿಕೆಯಿಂದ ತೆಗೆದದ್ದು ಬಿ ವಿಧ, ಆದರೆ ಎರಡನ್ನೂ ಸ್ಟ್ಯಾಂಡರ್ಡ್ ಡೀವಿಯೇಷನ್ ರೂಪಕ್ಕೇ ತಂದು ವರ್ಗಮಾಡಿ ಕೂಡಿಸಿ ಎಂದಿತು. 1993ರಲ್ಲಿ ಬಂದ ಗಮ್ ಎಂಬ ಮಾರ್ಗದರ್ಶಿ ಇದನ್ನೇ ವಿವರವಾಗಿ ಬರೆಯಿತು. ಆಮೇಲೆ ಐಎಸ್‌ಒ 17025 ಮಾನ್ಯತೆ ಬಂತು, ಸಣ್ಣ ಲ್ಯಾಬ್‌ಗಳಿಗೂ ಈ ಲೆಕ್ಕ ಕಡ್ಡಾಯವಾಯಿತು. ಕಾರಣ ಹಿಂದೆ ಉಳಿದು, ಡಿವೈಸರ್ ಮಾತ್ರ ಕೈಯಿಂದ ಕೈಗೆ ಹೋದದ್ದು ಆಗಲೇ ಅನ್ನಿಸುತ್ತದೆ ನನಗೆ.

ಕಾರಣ ಕಷ್ಟದ್ದಲ್ಲ. ತಯಾರಕರು ±a ಎಂದು ಬರೆದು ಸುಮ್ನಾಗುತ್ತಾರೆ. ನಿಜವಾದ ದೋಷ ಆ ಎರಡು ಗಡಿಗಳ ನಡುವೆ ಎಲ್ಲಿದೆ ಅನ್ನೋದಕ್ಕೆ ಯಾವ ಸುಳಿವೂ ಇಲ್ಲ. ಹಾಗಿದ್ದಾಗ ಎಲ್ಲ ಜಾಗಕ್ಕೂ ಸಮಾನ ಸಾಧ್ಯತೆ ಕೊಡು ಎನ್ನುತ್ತದೆ ಗಮ್. ಅದರ ಚಿತ್ರ ಬರೆದರೆ ಒಂದು ಆಯತ ಸಿಗುತ್ತದೆ, ಆಯತ ಹಂಚಿಕೆ ಎಂಬ ಹೆಸರು ಬಂದದ್ದು ಅದಕ್ಕೇ. ಈ ಆಯತದಲ್ಲಿ ನಡುವಿನಿಂದ ಇರುವ ದೂರದ ವರ್ಗದ ಸರಾಸರಿ a²/3. ಅದರ ವರ್ಗಮೂಲ a/√3, ಅಂದರೆ ಸುಮಾರು 0.58a.

ಡಿಸ್‌ಪ್ಲೇ ಕಥೆಯೂ ಇದೇ, ಅಳತೆ ಮಾತ್ರ ಬೇರೆ. ಕೊನೆಯ ಅಂಕೆ 0.01 mm ಹೆಜ್ಜೆಯಲ್ಲಿ ಬದಲಾಗುವ ಡಿಜಿಟಲ್ ಕ್ಯಾಲಿಪರ್ 25.37 ತೋರಿಸಿದರೆ ಒಳಗಿನ ಬೆಲೆ 25.365ರಿಂದ 25.375ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಲ್ಲಿ a ಅಂದರೆ ಪೂರ್ತಿ ಹೆಜ್ಜೆಯಲ್ಲ, ಅರ್ಧ ಹೆಜ್ಜೆ. ಪೂರ್ತಿ ಹೆಜ್ಜೆ ಬರೆದರೆ ಡಿವೈಸರ್ 2√3, ಅರ್ಧ ಬರೆದರೆ √3. ತಪ್ಪು ಜಾಸ್ತಿ ಆಗುವುದು ಇಲ್ಲೇ. ಪೂರ್ತಿ ಹೆಜ್ಜೆಯನ್ನು √3ರಿಂದ ಭಾಗಿಸಿದರೆ ಉತ್ತರ ಎರಡು ಪಟ್ಟಾಗುತ್ತದೆ, ಅರ್ಧ ಮಾಡಿ ಮತ್ತೆ 2√3ರಿಂದ ಭಾಗಿಸಿದರೆ ಅರ್ಧವಾಗುತ್ತದೆ. ಪರೀಕ್ಷೆ ಸುಲಭ: ರೆಸಲ್ಯೂಷನ್ ಸಾಲಿನ ಉತ್ತರ ಹೆಜ್ಜೆಯ 0.29 ಪಟ್ಟು ಇರಬೇಕು.

ಇದೇ ಕ್ಯಾಲಿಪರ್‌ಗೆ ತಯಾರಕರು ±0.02 mm ಕೊಟ್ಟಿದ್ದಾರೆ ಅಂದುಕೊಳ್ಳಿ. ಬೇರೆ ಮೂಲಗಳನ್ನು ಸದ್ಯಕ್ಕೆ ಬಿಡೋಣ.

```
u1 = 0.01 / (2√3) = 0.0029 mm
u2 = 0.02 / √3    = 0.0115 mm
u  = √(u1² + u2²) = 0.0119 mm
```

ಟಾಲರೆನ್ಸ್ ಮುಂದೆ ಡಿಸ್‌ಪ್ಲೇ ಪಾಲು ಬಹುತೇಕ ಕಾಣಿಸುವುದೇ ಇಲ್ಲ. ಆದರೂ ಹತ್ತು ಸಲ ಅಳೆದಾಗ ಹತ್ತೂ ಸಲ 25.37 ಬಂದರೆ ಆ ಸಾಲು ಬೇಕೇ ಬೇಕು, ಯಾಕೆಂದರೆ ಆಗ ಎ ವಿಧದ ಲೆಕ್ಕ ಸೊನ್ನೆ ಅನ್ನುತ್ತದೆ, ಅಂಕೆಯ ಹಿಂದೆ ಅಡಗಿದ್ದು ಅದಕ್ಕೆ ಕಾಣುವುದಿಲ್ಲ.

ಈಗ k, ಅಂದರೆ ಸುಮಾರು 95% ಸಾಧ್ಯತೆ ಒಳಗೆ ಬರುವಂತೆ u ಅನ್ನು ಹಿಗ್ಗಿಸಲು ಗುಣಿಸುವ ಅಂಕೆ. ಅಭ್ಯಾಸಬಲದಿಂದ 2ರಿಂದ ಗುಣಿಸಿದರೆ 0.024 mm. ಆದರೆ 0.02 ಮತ್ತು 0.005 ಎರಡೂ ಗಡಿ ಸೇರಿಸಿದರೂ 0.025ಕ್ಕಿಂತ ಆಚೆ ದೋಷ ಹೋಗುವಂತೆಯೇ ಇಲ್ಲವಲ್ಲ! k=2 ಅನ್ನೋದು ಗಂಟೆಯಾಕಾರದ ಹಂಚಿಕೆಗೆ ಹೊಂದುವ ಅಂಕೆ. ಒಂದು ಆಯತವೇ ಮೇಲುಗೈ ಆದಾಗ 95%ಗೆ 1.65 ಸಾಕು, ನಮ್ಮ ಎರಡು ಆಯತ ಸೇರಿದಾಗ ಸುಮಾರು 1.7. ಆಗ ಉತ್ತರ 0.02 mm ಹತ್ತಿರ ಬರುತ್ತದೆ. ಯುರೋಪಿನ ಇಎ-4/02 ಕೈಪಿಡಿಯಲ್ಲಿ ಇಂಥ ಉದಾಹರಣೆಗಳಿವೆ, ಮಲ್ಟಿಮೀಟರ್‌ಗೆ 1.65 ಬಳಸಿದ್ದಾರೆ.

ಇನ್ನೊಂದು ಗೊಂದಲ ಸರ್ಟಿಫಿಕೇಟ್‌ನದು. ಅದರಲ್ಲಿ "±0.01 mm, k=2" ಎಂದಿದ್ದರೆ ಅದು ಗಡಿಯಲ್ಲ, ಲೆಕ್ಕಮಾಡಿ ಹಿಗ್ಗಿಸಿದ ಅನಿಶ್ಚಿತತೆ. ಹಾಗಾಗಿ 2ರಿಂದಲೇ ಭಾಗಿಸಬೇಕು, √3ರಿಂದ ಅಲ್ಲ. ಸರ್ಟಿಫಿಕೇಟ್ ತೋರಿಸಿದ ದೋಷವನ್ನು ರೀಡಿಂಗ್‌ನಿಂದ ಕಳೆದು ಸರಿಪಡಿಸಿದ ಮೇಲೆ ತಯಾರಕರ ±0.02 ಸಾಲನ್ನೂ ಹಾಗೇ ಉಳಿಸಿಕೊಂಡರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದಂತೆ. ಆ ಸಾಲು ತೆಗೆದರೆ 0.005 ಮತ್ತು 0.0029 ಸೇರಿ 0.0058 mm ಆಗುತ್ತದೆ, ಮೊದಲಿನ ಅರ್ಧ. ಕಳೆದ ಕ್ಯಾಲಿಬ್ರೇಷನ್‌ನಿಂದ ಈಚೆಗೆ ಕ್ಯಾಲಿಪರ್ ಎಷ್ಟು ಸರಿದಿರಬಹುದು ಎಂಬುದಕ್ಕೆ ಮಾತ್ರ ಆಗ ಬೇರೆಯೇ ಒಂದು ಸಾಲು ಬರೆಯಬೇಕಾಗುತ್ತದೆ.