ಸಂಕಲನಕ್ಕೆ ಯಾವ ಥೀಮ್ ಇಡಲಿ?

ಪ್ರಶ್ನೆ: ನನ್ನ ಹತ್ತಿರ 14 ಕಥೆಗಳಿವೆ, ಒಂದೊಂದೂ ಒಂದೊಂದು ವಿಷಯದ್ದು. ಸಂಕಲನಕ್ಕೆ ಒಂದು ಥೀಮ್ ಇರಲೇಬೇಕು ಅಂತಾರೆ. ಯಾವ ವಿಷಯ ಹಿಡಿದು ಬರೆಯಲಿ?

ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಆದರೂ ಥೀಮ್ ಅಂದರೆ ವಿಷಯ ಅನ್ನೋ ನಂಬಿಕೆ ಮಾತ್ರ ಹೋಗೋದಿಲ್ಲ. ಮಳೆ, ಒಂಟಿತನ, ಅಮ್ಮ, ವಲಸೆ ಅಂತ ಮೊದಲೇ ಒಂದು ಆರಿಸಿಕೊಂಡು ಎಲ್ಲವನ್ನೂ ಅದರ ಮೇಲೆ ಬರೆಯಬೇಕು ಅಂತ ಜನ ಅಂದುಕೊಂಡಿದ್ದಾರೆ. ಹಾಗೆ ಹೊರಟ ಕವಿಗೆ ಐದಾರು ಪದ್ಯ ಆಗುವಷ್ಟರಲ್ಲಿ ಮಳೆಯ ಬಗ್ಗೆ ಹೇಳುವುದು ಮುಗಿದಿರುತ್ತದೆ. ಮುಂದಿನ ಪದ್ಯಗಳಿಗೆ ಮಳೆ ಬೇಕಿರುವುದಿಲ್ಲ, ಆದರೂ ಕೊನೆಯಲ್ಲಿ ನಾಲ್ಕು ಹನಿ ಉದುರಿಸುತ್ತಾರೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ನಮ್ಮಲ್ಲೇ ಇರುವ ಪುಸ್ತಕಗಳನ್ನು ನೋಡಿ. 1942ರ ‘ಮೈಸೂರು ಮಲ್ಲಿಗೆ’ ಪ್ರೇಮಕವಿತೆಗಳ ಸಂಕಲನ ಅಂತ ಎಲ್ಲರೂ ಹೇಳುತ್ತಾರೆ. ಪ್ರೇಮ ಯಾವ ಕವಿಯ ಪುಸ್ತಕದಲ್ಲಿಲ್ಲ? ಅಷ್ಟರಿಂದಲೇ ಇದು ಒಂದು ಪುಸ್ತಕ ಆಗಲಿಲ್ಲ. ಒಂದು ಪದ್ಯದಲ್ಲಿ ಬಳೆಗಾರ ಬಾಗಿಲಲ್ಲಿ ನಿಂತು ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನಿಗೆ ಹೇಳುತ್ತಾನೆ. ಇನ್ನೊಂದರಲ್ಲಿ ರಾಯರು ರಾತ್ರಿ ಹೊತ್ತು ಮಾವನ ಮನೆಗೆ ಬರುತ್ತಾರೆ, ಉಪಚಾರವೆಲ್ಲ ನಡೆಯುತ್ತದೆ, ಪದುಮ ಮಾತ್ರ ಒಳಗಿಲ್ಲ. ಮಾತಾಡುವವರು ಬೇರೆ, ಸಂದರ್ಭ ಬೇರೆ. ಆದರೆ ಎರಡೂ ಕಡೆ ಹೆಂಡತಿ ಕಣ್ಣೆದುರಿಗಿಲ್ಲ, ಗಂಡನ ಮನೆಗೂ ತವರಿಗೂ ನಡುವೆ ಕಾಯುವ ಒಬ್ಬ ಗಂಡನಿದ್ದಾನೆ. ಪುಸ್ತಕವನ್ನು ಹಿಡಿದಿಟ್ಟಿರುವುದು ಆ ಎರಡು ಮನೆಗಳ ನಡುವಿನ ದಾರಿ.

‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ದೇವರು, ವಿಧಿ, ಹಸಿವು, ನಗು, ಎಲ್ಲವೂ ಬರುತ್ತವೆ. ವಿಷಯ ಹುಡುಕಿದರೆ ಒಂದು ಸಿಗೋದಿಲ್ಲ. ನಾಲ್ಕು ಸಾಲಿನ ಅಳತೆ, ಕೊನೆಗೆ ಆ ಮಂಕುತಿಮ್ಮ, ಇವೆರಡೇ ಸಾಕಾಗಿವೆ. ಇನ್ನು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ನ 12 ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷಗಳ ಬರವಣಿಗೆಯಿಂದ ಆಮೇಲೆ ಆರಿಸಿದ್ದು. ಬರೆಯುವ ಮೊದಲೇ ಥೀಮ್ ಇರಬೇಕು ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ?

ಹಾಗಾದರೆ ನಿಮ್ಮ 14 ಕಥೆಗಳನ್ನು ಏನು ಮಾಡೋದು? ಒಂದೊಂದು ಕಥೆಗೂ ಒಂದೇ ವಾಕ್ಯ ಬರೆಯಿರಿ. ಯಾವುದರ ಬಗ್ಗೆ ಅಂತ ಬೇಡ, ಯಾರು ಏನು ಮಾಡಿದರು ಅಂತ. ಒಬ್ಬರ ಹಸ್ತಪ್ರತಿಯನ್ನು ಹೀಗೇ ನೋಡಿದೆವು. ಒಂದರಲ್ಲಿ ಮಗ ಅಡವಿಟ್ಟ ಬಳೆಯ ವಿಷಯ ಗೊತ್ತಿದ್ದೂ ತಾಯಿ ಸುಮ್ಮನಿದ್ದಳು. ಇನ್ನೊಂದರಲ್ಲಿ ಹಾಜರಿ ಪುಸ್ತಕದ ಸುಳ್ಳು ಸಹಿ ಗುಮಾಸ್ತನಿಗೆ ಗೊತ್ತಿತ್ತು, ಅವನೂ ಬಾಯಿ ಬಿಡಲಿಲ್ಲ. ಮೇಲ್ನೋಟಕ್ಕೆ ಒಂದು ಸಂಸಾರದ ಕಥೆ, ಇನ್ನೊಂದು ಆಫೀಸಿನ ಕಥೆ. ಎಣಿಸಿದರೆ ಒಂಬತ್ತರಲ್ಲಿ ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿದ್ದರು. ಥೀಮ್ ಅಲ್ಲೇ ಇತ್ತು, ಬರೆದವರಿಗೇ ಕಂಡಿರಲಿಲ್ಲ.

ಸಿಕ್ಕಿದ್ದು ಸರಿಯೋ ಅಲ್ಲವೋ ಅಂತ ನೋಡಲು, ಅದು ಯಾವ ಕಥೆಯನ್ನು ಹೊರಗಿಡುತ್ತದೆ ಅಂತ ಕೇಳಿ. ‘ಬದುಕಿನ ನೋವು’ ಯಾವುದನ್ನೂ ಹೊರಗಿಡೋದಿಲ್ಲ, ಹಾಗಾಗಿ ಅದರಿಂದ ಉಪಯೋಗವಿಲ್ಲ. ‘ಗೊತ್ತಿದ್ದವರ ಮೌನ’ ಐದು ಕಥೆಗಳನ್ನು ಹೊರಗಿಟ್ಟಿತು. ಆದರೆ ಉಳಿದ ಒಂಬತ್ತೂ ಮೌನದಲ್ಲೇ ಮುಗಿದರೆ ನಾಲ್ಕನೆಯ ಕಥೆಗೇ ಓದುಗ ಕೊನೆಯನ್ನು ಊಹಿಸುತ್ತಾನೆ. ಆ ಹಸ್ತಪ್ರತಿಯಲ್ಲಿ ಆಗಿದ್ದು ಅದೇ. ಒಂದು ಕಥೆಯಲ್ಲಾದರೂ ಯಾರಾದರೂ ಬಾಯಿ ಬಿಟ್ಟು, ಅದರಿಂದ ಏನಾಯಿತು ಅಂತ ಕಾಣಬೇಕಿತ್ತು. ಆ ಒಂದು ಕಥೆಯನ್ನು ಅವರು ಹೊಸದಾಗಿ ಬರೆದರು.

ಇಲ್ಲಿ ಯಾರೂ ಕೇಳದ ಇನ್ನೊಂದು ಮಾತು ಹೇಳಬೇಕು: ಕಥೆಗಳ ಸಾಲು. ಬರೆದ ಕ್ರಮದಲ್ಲೇ ಜೋಡಿಸಿ ಕಳಿಸುವವರೇ ಜಾಸ್ತಿ. ಬೇರೆ ಬೇರೆ ಹುಡುಗರು ಹೇಳುವ ಎರಡು ಕಥೆ ಅಕ್ಕಪಕ್ಕ ಬಂದರೆ ಎರಡನೆಯದರಲ್ಲೂ ಅದೇ ಹುಡುಗ ಅಂತ ಓದುಗ ತಪ್ಪು ತಿಳಿಯುತ್ತಾನೆ. ಬಾಯಿ ಬಿಟ್ಟ ಆ ಕಥೆಯನ್ನು ಮೊದಲಿಟ್ಟರೆ ಉಳಿದವರ ಮೌನ ಹೇಡಿತನದಂತೆ ಕಾಣುತ್ತದೆ. ಕೊನೆಗಿಟ್ಟರೆ ಅದು ನೀತಿಕಥೆ ಆಗಿಬಿಡುತ್ತದೆ. ಆರನೆಯದಾಗಿ ಇಟ್ಟೆವು. ಅಲ್ಲಿಂದ ಮುಂದೆ ಈ ಸಲ ಹೇಳುತ್ತಾರೋ ಇಲ್ಲವೋ ಅನ್ನುವ ಅನುಮಾನದಲ್ಲೇ ಪುಟ ತಿರುಗಿಸುವಂತಾಯಿತು.